ಡಾಲರ್ ದರ ಏರಿದರೆ ಇನ್‌ವಾಯ್ಸ್ ಎಷ್ಟು ಇಳಿಯಬೇಕು? ಒಂದು ಷರತ್ತನ್ನು ತಿದ್ದಿ ಬರೆದ ಟಿಪ್ಪಣಿ

ನಾನು ತುಮಕೂರಿನ ಹತ್ತಿರ ಮಿಡಿ ಸೌತೆ ರಫ್ತು ಮಾಡುವ ಒಂದು ಸಣ್ಣ ಘಟಕದಲ್ಲಿ ಕಾಗದಪತ್ರದ ಕೆಲಸ ನೋಡಿಕೊಳ್ಳುತ್ತೇನೆ. ಸಂಜೆ ಹೊತ್ತು ರಫ್ತು ವ್ಯವಹಾರದ ಕೋರ್ಸಿಗೆ ಹೋಗುತ್ತೇನೆ. ಈ ವಾರ ಮೇಷ್ಟ್ರು ಒಂದು ಷರತ್ತು ಕೊಟ್ಟು, "ಇದನ್ನ ಓದಿ ಎರಡೂ ಕಡೆಯವರು ಒಂದೇ ಮೊತ್ತ ಹೇಳೋ ಹಾಗೆ ತಿದ್ದಿ ಬರೀರಿ" ಅಂದರು. ಮೂರು ದಿನ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ಜೊತೆಯಲ್ಲಿ ಓದುತ್ತಿರುವವರಿಗೂ ಉಪಯೋಗವಾಗಲಿ. ಕರಾರು ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೇಳಿದರೆ ಹೀಗೆ:

"ಡಾಲರ್–ರೂಪಾಯಿ ವಿನಿಮಯ ದರದಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ಏರಿಳಿತವಾದರೆ, ಇನ್‌ವಾಯ್ಸ್ ಮೊತ್ತವನ್ನು ಅದಕ್ಕೆ ತಕ್ಕಂತೆ ಹೊಂದಿಸತಕ್ಕದ್ದು."

ಓದಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ. ತೊಂದರೆಯೆಲ್ಲ ಇರುವುದು "ಅದಕ್ಕೆ ತಕ್ಕಂತೆ" ಅನ್ನುವ ಎರಡು ಪದಗಳಲ್ಲಿ.

ಯಾವ ಕಡೆಗೆ ಹೊಂದಿಸುವುದು?

ಇಂಥ ಷರತ್ತು ಯಾಕೆ ಬರುತ್ತದೆ ಅನ್ನುವುದು ಗೊತ್ತಿದ್ದರೆ ದಿಕ್ಕು ತಪ್ಪುವುದಿಲ್ಲ. ಮಿಡಿ ಸೌತೆಗೆ ಹಂಗಾಮಿನ ಮೊದಲೇ ರೈತರ ಜೊತೆ ಗ್ರೇಡ್ ಪ್ರಕಾರ ಕೆಜಿಗೆ ಇಷ್ಟು ರೂಪಾಯಿ ಅಂತ ಮಾತಾಗಿರುತ್ತದೆ. ಕೂಲಿ, ಉಪ್ಪು, ವಿನೆಗರ್, ಡ್ರಮ್ಮು, ಬಂದರಿನವರೆಗಿನ ಲಾರಿ ಬಾಡಿಗೆ ಎಲ್ಲವೂ ರೂಪಾಯಿಯಲ್ಲೇ. ಹಣ ಬರುವುದು ಮಾತ್ರ ಡಾಲರಿನಲ್ಲಿ. ಹಾಗಾಗಿ ಡಾಲರಿಗೆ ಹೆಚ್ಚು ರೂಪಾಯಿ ಸಿಗುವ ಹೊತ್ತಿನಲ್ಲಿ ಖರೀದಿದಾರ, "ನಿಮ್ಮ ಖರ್ಚು ಅಷ್ಟೇ ಇದೆ, ಕೈಗೆ ಬರೋದು ಹೆಚ್ಚಾಯ್ತು, ಸ್ವಲ್ಪ ಇಳಿಸಿ" ಅನ್ನುತ್ತಾನೆ. ಕಡಿಮೆ ರೂಪಾಯಿ ಸಿಗುವಾಗ ನಾವು, "ಸ್ವಲ್ಪ ಏರಿಸಿ ಕೊಡಿ" ಅನ್ನುತ್ತೇವೆ. ಅಂದರೆ ದರದ ಅಂಕಿ ಏರಿದಾಗ ಡಾಲರ್ ಇನ್‌ವಾಯ್ಸ್ ಇಳಿಯಬೇಕು, ದರ ಇಳಿದಾಗ ಇನ್‌ವಾಯ್ಸ್ ಏರಬೇಕು.

"ತಕ್ಕಂತೆ" ಅಂದಾಗ ನಾನು ಮೊದಲು ಉಲ್ಟಾ ಓದಿದ್ದೆ. ದರ ಶೇ 5 ಏರಿದೆ, ಹಾಗಾಗಿ ಇನ್‌ವಾಯ್ಸ್ ಕೂಡ ಶೇ 5 ಏರಬೇಕು ಅಂತ. ಷರತ್ತಿನ ಪದಗಳಲ್ಲಿ ಇದನ್ನು ತಪ್ಪು ಅನ್ನಲು ಏನೂ ಇಲ್ಲ. ಇದರ ಜೊತೆಗೆ ಮಾತಿನ ಗೊಂದಲ ಬೇರೆ: 85 ಇದ್ದದ್ದು 89 ಆದರೆ ಪತ್ರಿಕೆ "ರೂಪಾಯಿ ಕುಸಿತ" ಅನ್ನುತ್ತದೆ, ನಮ್ಮ ಆಫೀಸಿನಲ್ಲಿ "ಡಾಲರ್ ಏರಿತು" ಅನ್ನುತ್ತೇವೆ. ಒಂದೇ ಸಂಗತಿ, ಎರಡು ದಿಕ್ಕಿನ ಪದ. ಅದಕ್ಕೇ ನಾನು ಕಂಡುಕೊಂಡ ಉಪಾಯ: ಷರತ್ತಿನಲ್ಲಿ ರೂಪಾಯಿ ಬಲವಾಯಿತು, ಕುಸಿಯಿತು, ಏರಿಳಿತವಾಯಿತು ಅನ್ನುವ ಪದಗಳನ್ನೇ ಬಳಸಬಾರದು. "1 ಡಾಲರಿಗೆ ಸಿಗುವ ರೂಪಾಯಿ 87.55ಕ್ಕಿಂತ ಹೆಚ್ಚಾದರೆ" ಅಂತ ಅಂಕಿಯಲ್ಲೇ ಬರೆಯಬೇಕು. ಅಂಕಿಗೆ ಎರಡು ಅರ್ಥ ಬರುವುದಿಲ್ಲ.

ಶೇ 5 ಏರಿದ್ದನ್ನು ಶೇ 5 ಕಳೆದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ

ಅಭ್ಯಾಸದ ಅಂಕಿಗಳು ಇವು: ಇನ್‌ವಾಯ್ಸ್ 20,000 ಡಾಲರ್, ಕರಾರಿನ ದರ 85.00. ನಮಗೆ ಬರಬೇಕಾದದ್ದು 17,00,000 ರೂಪಾಯಿ. ಸಾಗಣೆಯ ಹೊತ್ತಿಗೆ ದರ 89.25, ಅಂದರೆ ಸರಿಯಾಗಿ ಶೇ 5 ಹೆಚ್ಚು.

ನಾನು 20,000ದಲ್ಲಿ ಶೇ 5 ಕಳೆದು 19,000 ಅಂತ ಬರೆದೆ. ಪಕ್ಕದಲ್ಲಿ ಕೂತಿದ್ದ ಗೆಳತಿ 19,047.62 ಅಂತ ಬರೆದಳು. ಅವಳದ್ದೇ ಸರಿ ಅಂತ ಒಪ್ಪಿಕೊಳ್ಳಲು ನನಗೆ ಒಂದು ರಾತ್ರಿ ಬೇಕಾಯಿತು. ತಿಪಟೂರಿನ ಕೊಬ್ಬರಿ ಲೆಕ್ಕದಲ್ಲಿ ನೋಡಿದಾಗ ತಿಳಿಯಿತು. ಲೆಕ್ಕಕ್ಕೆ ಕ್ವಿಂಟಲ್ 10,000 ಇದ್ದದ್ದು ಶೇ 5 ಏರಿ 10,500 ಆಯಿತು ಅನ್ನಿ. ಮಾರನೇ ದಿನ ಶೇ 5 ಇಳಿದರೆ 10,000ಕ್ಕೆ ಬರುವುದಿಲ್ಲ, 9,975ಕ್ಕೆ ಬರುತ್ತದೆ. ಯಾಕೆಂದರೆ ಎರಡನೇ ಸಲದ ಶೇ 5 ಲೆಕ್ಕವಾಗುವುದು 10,500ರ ಮೇಲೆ. ಮೊದಲಿನ ಜಾಗಕ್ಕೆ ಬರಲು ಇಳಿಯಬೇಕಾದದ್ದು ಶೇ 4.76 ಮಾತ್ರ.

ಇನ್‌ವಾಯ್ಸಿನಲ್ಲೂ ಇದೇ. 19,000 ಡಾಲರನ್ನು 89.25ರಿಂದ ಗುಣಿಸಿದರೆ 16,95,750 ರೂಪಾಯಿ. ನಮಗೆ 4,250 ರೂಪಾಯಿ ಕಡಿಮೆ. 20,000 × 85 ÷ 89.25 ಮಾಡಿದರೆ 19,047.62 ಡಾಲರ್, ರೂಪಾಯಿಯಲ್ಲಿ ಸರಿಯಾಗಿ 17 ಲಕ್ಷ. ಹಾಗಾಗಿ ಶೇಕಡಾ ಕಳೆಯುವ, ಕೂಡುವ ದಾರಿ ಬೇಡ. ಹಳೆಯ ದರದಿಂದ ಗುಣಿಸಿ ಹೊಸ ದರದಿಂದ ಭಾಗಿಸಬೇಕು. ದಿಕ್ಕಿನ ಪ್ರಶ್ನೆಯೂ ಇಲ್ಲೇ ಬಗೆಹರಿಯುತ್ತದೆ, ಏಕೆಂದರೆ ಕೆಳಗಿನ ಅಂಕಿ ದೊಡ್ಡದಾದರೆ ಉತ್ತರ ತಾನಾಗಿ ಚಿಕ್ಕದಾಗುತ್ತದೆ.

ಅಂಚಿನಲ್ಲಿ ಏನಾಗುತ್ತದೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಶೇ 3 ಅಂದರೆ 82.45ರಿಂದ 87.55ರವರೆಗೆ ಇನ್‌ವಾಯ್ಸ್ ಬದಲಾಗುವುದಿಲ್ಲ. ಇದನ್ನು ಪಟ್ಟಿ ಅನ್ನೋಣ. ದರ ಪಟ್ಟಿ ದಾಟಿದರೆ ಹೊಂದಿಸಬೇಕು, ಸರಿ. ಆದರೆ 85ರಿಂದ ಆದ ಪೂರ್ತಿ ಬದಲಾವಣೆಯನ್ನು ಹೊಂದಿಸುವುದೋ, ಪಟ್ಟಿ ದಾಟಿದಷ್ಟನ್ನು ಮಾತ್ರವೋ? ಹಳೆಯ ಷರತ್ತು ಹೇಳುವುದಿಲ್ಲ.

ಪೂರ್ತಿ ಅಂದುಕೊಂಡು ನೋಡಿ. ದರ 87.54 ಇದ್ದರೆ ಇನ್ನೂ ಪಟ್ಟಿಯೊಳಗೇ, ಇನ್‌ವಾಯ್ಸ್ 20,000 ಡಾಲರ್, ನಮಗೆ 17,50,800 ರೂಪಾಯಿ. ದರ ಎರಡೇ ಪೈಸೆ ಏರಿ 87.56 ಆಯಿತು. ಈಗ 20,000 × 85 ÷ 87.56, ಅಂದರೆ 19,415.26 ಡಾಲರ್, ನಮಗೆ 17,00,000. ಎರಡು ಪೈಸೆಗೆ 50,800 ರೂಪಾಯಿ ಹೋಯಿತು! ದರ ಅಂಚಿನ ಹತ್ತಿರ ಬಂದಾಗಲೆಲ್ಲ ಒಬ್ಬರು "ನಿನ್ನೆಯ ದರ ಹಿಡಿಯೋಣ" ಅನ್ನುತ್ತಾರೆ, ಇನ್ನೊಬ್ಬರು "ಇವತ್ತಿನದೇ" ಅನ್ನುತ್ತಾರೆ. ಷರತ್ತಿನಲ್ಲಿ ಈ ದೋಷ ಇದೆಯೇ ಎಂದು ಪರೀಕ್ಷಿಸುವುದು ಸುಲಭ: ಅಂಚಿಗಿಂತ ಒಂದು ಪೈಸೆ ಕೆಳಗೆ, ಒಂದು ಪೈಸೆ ಮೇಲೆ ಎರಡೂ ದರ ಹಾಕಿ ಲೆಕ್ಕ ಮಾಡಿ. ಎರಡು ಉತ್ತರದ ನಡುವೆ ಹಳ್ಳ ಬಿದ್ದಿದ್ದರೆ ಷರತ್ತು ಜಗಳಕ್ಕೆ ದಾರಿ ಮಾಡುತ್ತದೆ.

ದಾಟಿದಷ್ಟನ್ನು ಮಾತ್ರ ಹೊಂದಿಸಿದರೆ ಹಳ್ಳ ಇರುವುದಿಲ್ಲ. ಅದಕ್ಕೆ ಸೂತ್ರದಲ್ಲಿ ಕರಾರಿನ ದರದ ಜಾಗದಲ್ಲಿ ಅಂಚಿನ ದರ ಹಾಕಿದರೆ ಸಾಕು:

```
ಹೊಸ ಇನ್‌ವಾಯ್ಸ್ = ಮೂಲ ಇನ್‌ವಾಯ್ಸ್ × ಅಂಚಿನ ದರ ÷ ಅನ್ವಯಿಸುವ ದರ
```

87.56ಕ್ಕೆ ಈಗ 20,000 × 87.55 ÷ 87.56, ಅಂದರೆ 19,997.72. ಎರಡು ಡಾಲರ್ ಚಿಲ್ಲರೆ ಮಾತ್ರ ಕಡಿಮೆ. 89.25ಕ್ಕೆ 19,619.05 ಡಾಲರ್. ರೂಪಾಯಿಗೆ ತಿರುಗಿಸಿದರೆ 17,51,000, ಅದು 20,000 × 87.55ಕ್ಕೆ ಸಮ. ಅಂದರೆ ಶೇ 3ರವರೆಗಿನ ಲಾಭ ನಮ್ಮದು, ಅದರಾಚೆಯದ್ದು ಖರೀದಿದಾರನದ್ದು. ದರ 80.75ಕ್ಕೆ ಇಳಿದರೆ ಕೆಳಗಿನ ಅಂಚು 82.45 ಹಾಕಿ, 20,421.05 ಡಾಲರ್ ಬರುತ್ತದೆ. ನಮಗೆ 16,49,000. ಶೇ 3ರವರೆಗಿನ ನಷ್ಟ ನಮ್ಮದು, ಅದರಾಚೆಯದ್ದನ್ನು ಖರೀದಿದಾರ ತುಂಬಿಕೊಡುತ್ತಾನೆ. ಎರಡೂ ಕಡೆ ಒಂದೇ ಸೂತ್ರ ಇರುವುದರಿಂದ ಯಾರಿಗೂ ಮೋಸ ಅನ್ನಿಸುವುದಿಲ್ಲ.

ಯಾವ ದರ, ಯಾವ ದಿನದ್ದು

ದರ ಎಂದರೆ ನಮ್ಮ ಬ್ಯಾಂಕ್ ಖಾತೆಗೆ ಹಾಕುವ ದರ ಅಂತ ಹಿಡಿಯಬಾರದು, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಖರೀದಿದಾರನಿಗೆ ಕಾಣುವುದೂ ಇಲ್ಲ. ಮೊದಲು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿದ್ದ ರೆಫರೆನ್ಸ್ ದರವನ್ನು 2018ರ ಜುಲೈನಿಂದ ಎಫ್‌ಬಿಐಎಲ್ ಸಂಸ್ಥೆ ಪ್ರಕಟಿಸುತ್ತಿದೆ. ಅದು ಎರಡೂ ಕಡೆಯವರಿಗೆ ಕಾಣುವ ಒಂದೇ ಅಂಕಿ. ಶನಿವಾರ, ಭಾನುವಾರ, ಮುಂಬಯಿಯ ಬ್ಯಾಂಕ್ ರಜೆಯ ದಿನ ಪ್ರಕಟವಾಗುವುದಿಲ್ಲ, ಆಗ ಅದಕ್ಕೂ ಹಿಂದೆ ಕೊನೆಯದಾಗಿ ಪ್ರಕಟವಾದದ್ದು ಅಂತ ಷರತ್ತಿನಲ್ಲೇ ಹೇಳಿಬಿಡಬೇಕು.

ದಿನದ ವಿಷಯದಲ್ಲಿ ನಾನು ಬಿಲ್ ಆಫ್ ಲೇಡಿಂಗ್ ತಾರೀಖು ಅಂತ ಬರೆದಿದ್ದೆ, ಮೇಷ್ಟ್ರು ಹೊಡೆದುಹಾಕಿದರು. "ಲೇಡಿಂಗ್ ಬರೋದು ಸರಕು ಹಡಗಿಗೆ ಹತ್ತಿದ ಮೇಲೆ. ಅಷ್ಟೊತ್ತಿಗೆ ಇನ್‌ವಾಯ್ಸ್ ಲಗತ್ತಿಸಿ ಶಿಪ್ಪಿಂಗ್ ಬಿಲ್ ಕಸ್ಟಮ್ಸ್‌ಗೆ ಹೋಗಿ ಆಗಿರುತ್ತಲ್ಲ?" ಅಂದರು. ನಿಜ. ಶಿಪ್ಪಿಂಗ್ ಬಿಲ್ಲಿನಲ್ಲಿ 20,000 ತೋರಿಸಿ ಆಮೇಲೆ 19,619.05 ತರಿಸಿಕೊಂಡರೆ, ಬ್ಯಾಂಕಿನ ಲೆಕ್ಕದಲ್ಲಿ ಆ ಬಿಲ್ಲಿಗೆ ಹಣ ಪೂರ್ತಿ ಬಂದಿಲ್ಲ ಅಂತ ಉಳಿಯುತ್ತದೆ, ಕಡಿತಕ್ಕೆ ಕಾರಣ ಕೊಡಬೇಕಾಗುತ್ತದೆ. ಇನ್‌ವಾಯ್ಸ್ ತಾರೀಖು ಅಂತ ಬರೆದರೆ ಅದು ನಮ್ಮ ಕೈಯಲ್ಲಿರುತ್ತದೆ, ಬೇಕಾದ ದಿನ ನೋಡಿ ಮಾಡಬಹುದು ಅಂತ ಖರೀದಿದಾರ ಆಕ್ಷೇಪಿಸುತ್ತಾನೆ. ಆರ್ಡರಿನಲ್ಲಿ ಬರೆದಿರುವ ಸಾಗಣೆ ತಾರೀಖಿಗೆ 10 ದಿನ ಹಿಂದಿನ ದಿನ ಅಂತ ಇಟ್ಟರೆ ಯಾರೂ ಅಲ್ಲಾಡಿಸಲಾಗುವುದಿಲ್ಲ, ಶಿಪ್ಪಿಂಗ್ ಬಿಲ್ಲಿಗಿಂತ ಮೊದಲೇ ಮೊತ್ತವೂ ಸಿಗುತ್ತದೆ.

ಹಡಗಿನ ಬಾಡಿಗೆ ಬೆಲೆಯಲ್ಲಿ ಸೇರಿದ್ದರೆ ಅದನ್ನು ಸೂತ್ರದಿಂದ ಹೊರಗಿಡಿ. ಅದನ್ನು ನಾವು ಕಟ್ಟುವುದೇ ಡಾಲರ್ ಲೆಕ್ಕದಲ್ಲಿ.

ತಿದ್ದಿ ಬರೆದದ್ದು

"ಕರಾರಿನ ದರ 1 ಡಾಲರಿಗೆ 85.00 ರೂಪಾಯಿ. ಅನ್ವಯಿಸುವ ದರ ಎಂದರೆ ಆರ್ಡರಿನಲ್ಲಿ ನಮೂದಾದ ಸಾಗಣೆ ತಾರೀಖಿಗೆ 10 ದಿನ ಹಿಂದಿನ ದಿನದ ಎಫ್‌ಬಿಐಎಲ್ ರೆಫರೆನ್ಸ್ ದರ. ಅಂದು ದರ ಪ್ರಕಟವಾಗದಿದ್ದರೆ ಅದಕ್ಕೂ ಹಿಂದೆ ಕೊನೆಯದಾಗಿ ಪ್ರಕಟವಾದ ದರ. ಅದು 82.45ರಿಂದ 87.55ರವರೆಗೆ ಇದ್ದರೆ ಇನ್‌ವಾಯ್ಸ್ ಬದಲಾಗದು. 87.55ಕ್ಕಿಂತ ಹೆಚ್ಚಿದ್ದರೆ ಮೂಲ ಮೊತ್ತವನ್ನು 87.55ರಿಂದ ಗುಣಿಸಿ ಅನ್ವಯಿಸುವ ದರದಿಂದ ಭಾಗಿಸತಕ್ಕದ್ದು. 82.45ಕ್ಕಿಂತ ಕಡಿಮೆ ಇದ್ದರೆ 82.45ರಿಂದ ಗುಣಿಸಿ ಅನ್ವಯಿಸುವ ದರದಿಂದ ಭಾಗಿಸತಕ್ಕದ್ದು. ಹಡಗಿನ ಬಾಡಿಗೆಗೆ ಇದು ಅನ್ವಯಿಸದು. ಉದಾಹರಣೆ: ಮೂಲ ಮೊತ್ತ 20,000 ಡಾಲರ್, ಅನ್ವಯಿಸುವ ದರ 89.25 ಆದರೆ ಇನ್‌ವಾಯ್ಸ್ 19,619.05 ಡಾಲರ್."

ಕೊನೆಯ ಉದಾಹರಣೆಯನ್ನು ಕರಾರಿನೊಳಗೇ ಇಡಿ. ಪದಗಳಲ್ಲಿ ಎಲ್ಲಾದರೂ ಅನುಮಾನ ಉಳಿದಿದ್ದರೆ ಆ ಅಂಕಿ ಅದನ್ನು ತೀರಿಸುತ್ತದೆ. ಇದನ್ನು ನಮ್ಮ ಅಕೌಂಟ್ಸಿನವರಿಗೆ, ಗೋದಾಮಿನ ಸೂಪರ್‌ವೈಸರ್‌ಗೆ ಬೇರೆ ಬೇರೆಯಾಗಿ ಕೊಟ್ಟು 86.40 ಮತ್ತು 80.75 ಹಾಕಿ ನೋಡಿ ಅಂದೆ. ಇಬ್ಬರೂ 20,000 ಮತ್ತು 20,421.05 ಹೇಳಿದರು.

ಎಲ್‌ಸಿ, ಅಂದರೆ ಹಣ ಕೊಡುತ್ತೇವೆ ಅಂತ ಖರೀದಿದಾರನ ಬ್ಯಾಂಕ್ ಕೊಡುವ ಖಾತರಿ ಪತ್ರದ ಮೇಲೆ ವ್ಯವಹಾರ ಮಾಡುವವರಿಗೆ ಒಂದು ಮಾತು. ಎಲ್‌ಸಿ ಬರಿಯ 20,000ಕ್ಕೆ ಇದ್ದರೆ 20,421.05ರ ಇನ್‌ವಾಯ್ಸ್ ಕೊಟ್ಟರೂ ಬ್ಯಾಂಕಿನಿಂದ ಮೇಲಿನ 421.05 ಬರುವುದಿಲ್ಲ. ಎಲ್‌ಸಿಗಳಿಗೆ ಬಳಸುವ ಅಂತಾರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ 30ನೇ ವಿಧಿಯ ಪ್ರಕಾರ ಮೊತ್ತದ ಹಿಂದೆ "ಸುಮಾರು" ಎಂಬ ಅರ್ಥದ ಪದ ಇದ್ದರೆ ಶೇ 10ರಷ್ಟು ಹೆಚ್ಚು ಕಡಿಮೆಗೆ ಅವಕಾಶವಿದೆ. ಎಲ್‌ಸಿ ತೆರೆಯುವ ಮೊದಲೇ ಆ ಒಂದು ಪದವನ್ನು ಖರೀದಿದಾರನಿಂದ ಹಾಕಿಸಿಕೊಳ್ಳಬೇಕು.