201 ಇನ್‌ಸ್ಟ್ರಕ್ಷನ್ 16 ಬಿಟ್‌ನಲ್ಲಿ ಹೆಂಗೆ ಹಿಡೀತಾವೆ?

ಚಿತ್ರದುರ್ಗದಿಂದ ಡಿಪ್ಲೊಮಾ ಓದೋ ಹುಡುಗಿ ಕೇಳಿರೋದು: "ಸರ್, ಇನ್‌ಸ್ಟ್ರಕ್ಷನ್ 16 ಬಿಟ್, ಅಡ್ರೆಸ್ 6 ಬಿಟ್. ಎರಡು ಅಡ್ರೆಸ್‌ದು 14, ಒಂದು ಅಡ್ರೆಸ್‌ದು 127, ಅಡ್ರೆಸ್ ಇಲ್ದಿರೋದು 60 ಬೇಕು. ಒಟ್ಟು 201, ಅಂದ್ರೆ ಆಪ್‌ಕೋಡ್‌ಗೇ 8 ಬಿಟ್ ಬೇಕು, ಎರಡು ಅಡ್ರೆಸ್‌ಗೆ 12, ಸೇರಿ 20 ಆಯ್ತಲ್ಲ?"

ನಮ್ಮ ದಾವಣಗೆರೆ ಟ್ಯೂಷನ್ನಲ್ಲೂ ಪ್ರತಿ ವರ್ಷ ಇದೇ ಕಡೆ ಹುಡುಗ್ರು ಸಿಕ್ಕಾಕ್ಕೊಳ್ತಾರೆ. ನೋಡಮ್ಮ, ಎಲ್ಲಾ ಇನ್‌ಸ್ಟ್ರಕ್ಷನ್‌ಗೂ ಆಪ್‌ಕೋಡ್ ಒಂದೇ ಉದ್ದ ಇರಬೇಕು ಅಂತ ನೀನು ಅಂದ್ಕೊಂಡಿದ್ದೀಯ, ತಪ್ಪಿರೋದು ಅಲ್ಲೇ. ಅಡ್ರೆಸ್ ಕಮ್ಮಿ ಆದಾಗ ಅದರ ಜಾಗ ಖಾಲಿ ಬೀಳುತ್ತಲ್ಲ, ಆ 6 ಬಿಟ್ಟನ್ನ ಆಪ್‌ಕೋಡ್ ತಗೊಳ್ಳುತ್ತೆ, ಹಂಗಾಗಿ ಅದು 4, 10, 16 ಬಿಟ್ ಅಂತ ಉದ್ದ ಆಗ್ತಾ ಹೋಗುತ್ತೆ.

4 ಬಿಟ್‌ನಲ್ಲಿ 16 ಪ್ಯಾಟರ್ನ್, 6 ಬಿಟ್‌ನಲ್ಲಿ 64 ಬರುತ್ತೆ. ಆ 16ನ್ನ ಹೊಸ ಲೇಔಟ್‌ನ 16 ಸೈಟ್ ಅನ್ಕೋ. 14 ಇಡಿಯಾಗಿ ಮಾರಿದ್ರೆ 2 ಉಳಿದ್ವು, ಒಂದೊಂದನ್ನ 64 ತುಂಡು ಮಾಡಿದ್ರೆ 128 ಆದ್ವು. ನಮಗೆ ಬೇಕಿರೋದು 127, ಕೊನೇ ತುಂಡು ಒಂದು ಉಳೀತು, ಅದನ್ನ ಮತ್ತೆ 64 ಮಾಡಿದ್ರೆ ನಿನ್ನ 60 ಅದರಲ್ಲೇ ಕೂರುತ್ತೆ, ಇನ್ನೂ 4 ಮಿಕ್ಕುತ್ತೆ.

```
0000 aaaaaa bbbbbb ... 1101 aaaaaa bbbbbb   14
1110 000000 aaaaaa ... 1110 111111 aaaaaa   64
1111 000000 aaaaaa ... 1111 111110 aaaaaa   63
1111 111111 000000 ... 1111 111111 111011   60
```

ಇಲ್ಲಿ ಮುಖ್ಯ ಏನಂದ್ರೆ `1110`, `1111` ಇವೆರಡನ್ನ ಎರಡು ಅಡ್ರೆಸ್‌ದಕ್ಕೆ ಅಪ್ಪಿತಪ್ಪಿನೂ ಕೊಡಬಾರದು. ಕೊಟ್ರೆ ಡಿಕೋಡರ್‌ಗೆ ಮುಂದಿನ 6 ಬಿಟ್ ಅಡ್ರೆಸ್ಸೋ ಆಪ್‌ಕೋಡೋ ಗೊತ್ತಾಗಲ್ಲ, ಅದು ಮೊದಲನೇ 4 ಬಿಟ್ ನೋಡಿನೇ ಮುಂದೇನು ಅಂತ ತೀರ್ಮಾನ ಮಾಡೋದು. `1111 111111` ಕೂಡ ಅಷ್ಟೇ. ಸುಮಾರು ಹುಡುಗ್ರು 128ನ್ನೂ ಒಂದು ಅಡ್ರೆಸ್‌ದಕ್ಕೇ ಖರ್ಚು ಮಾಡಿ, ಆಮೇಲೆ ಅಡ್ರೆಸ್ ಇಲ್ದಿರೋದಕ್ಕೆ ಜಾಗ ಹುಡುಕ್ತಾರೆ, ಎಲ್ಲಿಂದ ಸಿಗುತ್ತೆ?

ಇದು ಬರೀ ಪರೀಕ್ಷೆ ಲೆಕ್ಕ ಅಲ್ಲ. 1970ರ PDP-11 ಕಂಪ್ಯೂಟರ್‌ನಲ್ಲಿ ಒಂದೊಂದು ಆಪರೆಂಡ್‌ಗೆ ಇದೇ 6 ಬಿಟ್, 3 ಮೋಡ್‌ಗೆ 3 ರಿಜಿಸ್ಟರ್‌ಗೆ. ಎರಡು ಆಪರೆಂಡ್ ಇರೋ `MOV`ಗೆ 4 ಬಿಟ್ ಆಪ್‌ಕೋಡ್, ಒಂದೇ ಇರೋ `CLR`ಗೆ 10, ಏನೂ ಇಲ್ದಿರೋ `HALT`ಗೆ ಪೂರ್ತಿ 16.

ಹಿಡಿಯುತ್ತೋ ಇಲ್ವೋ ಬೇಗ ನೋಡಬೇಕಂದ್ರೆ ಪ್ಯಾಟರ್ನ್ ಎಣಿಸು. ಎರಡು ಅಡ್ರೆಸ್‌ದು ಒಂದೊಂದೂ 4096 ಪ್ಯಾಟರ್ನ್ ನುಂಗುತ್ತೆ, ಒಂದು ಅಡ್ರೆಸ್‌ದು 64, ಏನೂ ಇಲ್ದಿರೋದು 1.

```
14*4096 + 127*64 + 60 = 65532
```

16 ಬಿಟ್‌ನಲ್ಲಿ ಇರೋದು 65536, ಮಿಕ್ಕಿದ್ದು ಅದೇ 4. ಈಗ 14ರ ಬದಲು 15 ಕೇಳಿದ್ರು ಅನ್ಕೋ, ಇನ್ನೊಂದೇ ತಾನೇ ಅನ್ಸುತ್ತೆ, ಆದ್ರೆ ಒಂದು ಅಡ್ರೆಸ್‌ದಕ್ಕೆ ಸಿಗೋದೇ 64 ಆಗಿಬಿಡುತ್ತೆ, 127 ಎಲ್ಲಿ ಕೂರುತ್ತೆ, ಅಲ್ಲಿಗೆ "ಸಾಧ್ಯ ಇಲ್ಲ" ಅಂತನೇ ಬರಿ.