ಲೇಸರ್ ತಿಂದ ಗೆರೆಯ ಲೆಕ್ಕ

ಸಾಗರದಲ್ಲಿ ಮೂರು ಮಿಲಿಮೀಟರ್ ಪ್ಲೈವುಡ್‌ನಿಂದ ಒಂದು ಕವಳದ ಡಬ್ಬಿ ಮಾಡಬೇಕು ಅಂತಿಟ್ಟುಕೊಳ್ಳಿ. ಅಂಟು, ಮೊಳೆ ಬೇಡ. ಒಂದು ಹಲಗೆಯ ಅಂಚಿನಿಂದ ಚಾಚಿದ ನಾಲಿಗೆ, ಅಂದರೆ ಟ್ಯಾಬ್, ಇನ್ನೊಂದರಲ್ಲಿ ಕೊರೆದ ತೂತು, ಅಂದರೆ ಸ್ಲಾಟ್‌ನಲ್ಲಿ ಕೂರಬೇಕು. ಕಂಪ್ಯೂಟರಿನಲ್ಲಿ ಟ್ಯಾಬ್ ಅಗಲ 20 ಮಿ.ಮೀ., ಸ್ಲಾಟ್ ಉದ್ದವೂ 20 ಮಿ.ಮೀ. ಲೇಸರ್ ಯಂತ್ರದಲ್ಲಿ ಕತ್ತರಿಸಿ ಜೋಡಿಸಿದರೆ ಡಬ್ಬಿ ಗಡಗಡ ಅಲ್ಲಾಡುತ್ತದೆ.

ಕಾರಣ, ಲೇಸರ್‌ ಕಿರಣಕ್ಕೂ ದಪ್ಪ ಇದೆ. ಅದು ಗೆರೆಯ ಮೇಲೆ ಹೋಗುವಾಗ ಎರಡೂ ಬದಿಯ ಮರವನ್ನು ಸುಟ್ಟು ಆವಿ ಮಾಡುತ್ತದೆ. ಹೀಗೆ ಕಳೆದುಹೋಗುವ ಪಟ್ಟಿಯ ಅಗಲಕ್ಕೆ ಕರ್ಫ್ ಎನ್ನುತ್ತಾರೆ. ಬಡಗಿ ಗರಗಸವನ್ನು ಗೆರೆಯ ಹೊರಗೆ, ಬಿಸಾಡುವ ಕಡೆಗೆ ಇಟ್ಟು ಕೊಯ್ಯುತ್ತಾನಲ್ಲ, ಇಲ್ಲೂ ಅದನ್ನೇ ಮಾಡಬೇಕು.

ಮೊದಲು ಕರ್ಫ್ ಅಳೆಯೋಣ. ಮಿಲಿಮೀಟರಿನ ಒಂದು ಭಾಗದಷ್ಟು ಸಣ್ಣದನ್ನು ನೇರವಾಗಿ ಅಳೆಯಲು ಹೋಗಬೇಡಿ. ಅದೇ ಹಲಗೆಯಲ್ಲಿ 100 ಮಿ.ಮೀ. ಉದ್ದದ ಆಯತ ಕತ್ತರಿಸಿ, ಅದನ್ನು 10 ಮಿ.ಮೀ. ಅಗಲದ ಹತ್ತು ಪಟ್ಟಿ ಮಾಡಿ. ತುದಿಯ ಎರಡೂ ಸೇರಿ ಹನ್ನೊಂದು ಅಡ್ಡ ಗೆರೆಗಳಾಗುತ್ತವೆ. ಪಟ್ಟಿಗಳನ್ನೆಲ್ಲ ಹಲಗೆಯ ಆ ತೂತಿನೊಳಗೇ ಒಂದು ಕಡೆಗೆ ಒತ್ತಿ, ಉಳಿದ ಸಂದನ್ನು ವರ್ನಿಯರ್‌ನಿಂದ ಅಳೆದು 11ರಿಂದ ಭಾಗಿಸಿ. ಸಂದು 2.2 ಮಿ.ಮೀ. ಬಂದರೆ ಕರ್ಫ್ 0.2.

ಈಗ ಟ್ಯಾಬ್ ಕಡೆ ನೋಡಿ. ಎರಡೂ ಅಂಚಿನಲ್ಲಿ ಅರ್ಧ ಅರ್ಧ ಕರ್ಫ್ ಹೋಗಿ ಅದು 19.8 ಆಗಿದೆ. ಸ್ಲಾಟ್ ಅಷ್ಟೇ ಹಿಗ್ಗಿ 20.2 ಆಗಿದೆ. ಒಟ್ಟು ಸಡಿಲ 0.4, ಅಂದರೆ ಕರ್ಫ್‌ನ ಎರಡರಷ್ಟು. ಹಾಗಾಗಿ ಲೇಸರ್ ಹೋಗುವ ದಾರಿಯಲ್ಲಿ ಟ್ಯಾಬ್ 20.2, ಸ್ಲಾಟ್ 19.8 ಇರಬೇಕು.

ಎಡವುವುದು ಸ್ಲಾಟ್‌ನ ಇನ್ನೊಂದು ಅಳತೆಯಲ್ಲಿ. ಅದರ ಅಗಲದೊಳಗೆ ಕೂರುವುದು ಹಲಗೆಯ ದಪ್ಪ. ಆ ದಪ್ಪವನ್ನು ಲೇಸರ್ ಮುಟ್ಟಿಯೇ ಇಲ್ಲ, ಅದು ಕಾರ್ಖಾನೆಯಿಂದ ಬಂದದ್ದು. ಹಾಗಾಗಿ ಇಲ್ಲಿ ಕಳೆಯಬೇಕಾದ್ದು ಒಂದೇ ಕರ್ಫ್. ಹಲಗೆ ನಿಜಕ್ಕೂ 3.1 ಇದ್ದರೆ ದಾರಿಯ ಅಗಲ 2.9. ಇಲ್ಲೂ ಆ 0.4 ಪೂರ್ತಿ ಕಳೆದುಬಿಟ್ಟರೆ ಕತ್ತರಿಸಿದ ಸ್ಲಾಟ್ 2.9 ಆಗಿ, ಹಲಗೆ ಒಳಗೇ ಹೋಗದು.

"3 ಮಿ.ಮೀ." ಎಂಬ ಹೆಸರನ್ನಂತೂ ನಂಬಲೇಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಕೂತ ಫೈಲನ್ನೇ ಆಷಾಢದಲ್ಲಿ ಓಡಿಸಿದರೆ ಬಿಗಿಯಾಗಬಹುದು. ಕತ್ತರಿಸುವ ದಿನವೇ ಹಲಗೆ ಅಳೆಯಿರಿ.

ಕೈಯಲ್ಲಿ ತಿದ್ದುವ ಬದಲು LightBurn ತರಹದ ಸಾಫ್ಟ್‌ವೇರ್‌ನಲ್ಲಿ `Kerf Offset` ಜಾಗಕ್ಕೆ ಅರ್ಧ ಕರ್ಫ್, ಅಂದರೆ 0.1 ಕೊಡಬಹುದು. ಹೊರ ಅಂಚನ್ನು ಹೊರಕ್ಕೆ, ತೂತನ್ನು ಒಳಕ್ಕೆ ಅದೇ ಸರಿಸುತ್ತದೆ. ಆಕಾರ ಮುಚ್ಚಿದ ಗೆರೆಯಾಗಿರಬೇಕು, ಅಷ್ಟೇ. ಆದರೆ ಚಿತ್ರದಲ್ಲೂ ತಿದ್ದಿ, ಇಲ್ಲೂ ಕೊಟ್ಟರೆ ಟ್ಯಾಬ್ ಸ್ಲಾಟ್‌ಗಿಂತ 0.4 ದೊಡ್ಡದಾಗುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೆ ಪದರ ಸೀಳುತ್ತದೆ.

ಇಷ್ಟಾದರೂ ಪೂರ್ತಿ ನಿಖರತೆ ಸಿಗುವುದಿಲ್ಲ. ಕಿರಣ ಲೆನ್ಸಿನಿಂದ ಶಂಕುವಿನ ಹಾಗೆ ಇಳಿಯುವುದರಿಂದ ಕತ್ತರಿಸಿದ ಗೋಡೆ ಸ್ವಲ್ಪ ಓರೆ ಇರುತ್ತದೆ. ಫೋಕಸ್, ವೇಗ ಬದಲಾದರೂ, ಲೆನ್ಸು ಕೊಳೆಯಾದರೂ ಕರ್ಫ್ ಬದಲಾಗುತ್ತದೆ. ಅದಕ್ಕೇ ಡಬ್ಬಿ ಕತ್ತರಿಸುವ ಮೊದಲು ಒಂದು ಟ್ಯಾಬ್, ಒಂದು ಸ್ಲಾಟ್ ಮಾತ್ರ ಚೂರು ಹಲಗೆಯಲ್ಲಿ ಕತ್ತರಿಸಿ ನೋಡಿ. ಹೆಬ್ಬೆರಳ ಒತ್ತಡಕ್ಕೆ ಇಳಿದು, ತಲೆಕೆಳಗು ಮಾಡಿದರೂ ಬೀಳದಿದ್ದರೆ ಉಳಿದದ್ದನ್ನೂ ಕತ್ತರಿಸಿ.