ಸಾವಿರಕ್ಕೆ ಒಂದು ಎಂಬ ಅಂಕಿ ಎಲ್ಲಿಂದ ಬಂತು?

ಕೋರಮಂಗಲದ ಕಾಫಿ ಅಂಗಡಿಯೊಂದರಲ್ಲಿ ಹೊಸ ಕಂಪನಿಗೆ ಹಣ ಕೇಳುವವರ ಮಾತು ಹೀಗಿರುತ್ತದೆ ಎಂದುಕೊಳ್ಳಿ: "ಗೆದ್ದೇ ಗೆಲ್ತೀವಿ ಅಂತ ನಾನು ಹೇಳಲ್ಲ ಸಾರ್. ಸಾವಿರಕ್ಕೆ ಒಂದು ಚಾನ್ಸ್ ಅಂತಲೇ ಇಟ್ಕೊಳ್ಳಿ. ಗೆದ್ರೆ ನೀವು ಹಾಕೋ 5 ಲಕ್ಷ 100 ಕೋಟಿ ಆಗುತ್ತೆ. ಲೆಕ್ಕ ನೀವೇ ಹಾಕಿ." ಲೆಕ್ಕ ಸುಲಭ. 100 ಕೋಟಿಯನ್ನು 1000ದಿಂದ ಭಾಗಿಸಿದರೆ 10 ಲಕ್ಷ. ಕೊಡುವುದು 5, ಸರಾಸರಿಯಲ್ಲಿ ಬರುವುದು 10. ನಿರೀಕ್ಷಿತ ಮೌಲ್ಯವೆಂದರೆ ಇಷ್ಟೇ: ಪ್ರತಿ ಫಲಿತಾಂಶವನ್ನು ಅದರ ಸಂಭವನೀಯತೆಯಿಂದ ಗುಣಿಸಿ, ಎಲ್ಲವನ್ನೂ ಕೂಡುವುದು. ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಅದರೊಳಗೆ ಹಾಕಿದ ಅಂಕಿಯಲ್ಲಿ.

ಪೂರ್ತಿ ಪಟ್ಟಿ ಬರೆದು ನೋಡೋಣ. 70% ಸಂದರ್ಭದಲ್ಲಿ ಹಣ ಪೂರ್ತಿ ಮುಳುಗುತ್ತದೆ ಎಂದಿಟ್ಟುಕೊಳ್ಳಿ. 20% ಸಂದರ್ಭದಲ್ಲಿ ಹಾಕಿದ 5 ಲಕ್ಷ ಹಾಗೇ ವಾಪಸ್ಸು. 9.9%ರಲ್ಲಿ 20 ಲಕ್ಷ. ಉಳಿದ 0.1%ರಲ್ಲಿ 100 ಕೋಟಿ. ಎರಡನೇ ಸಾಲಿನಿಂದ 1 ಲಕ್ಷ, ಮೂರನೆಯದರಿಂದ ಸುಮಾರು 1.98 ಲಕ್ಷ, ಕೊನೆಯದರಿಂದ 10 ಲಕ್ಷ. ಒಟ್ಟು 12.98 ಲಕ್ಷ. ಈಗ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ. ಉಳಿಯುವುದು 2.98 ಲಕ್ಷ, ಅಂದರೆ ಹಾಕಿದ್ದಕ್ಕಿಂತ 2 ಲಕ್ಷ ಕಡಿಮೆ. ಒಂದೇ ಒಂದು ಸಾಲು ಇಡೀ ವ್ಯವಹಾರವನ್ನು ಹೊತ್ತು ನಿಂತಿದೆ.

ಆ ಸಾಲಿನಲ್ಲಿರುವ ಸಂಭವನೀಯತೆ 0.1% ಅಲ್ಲ, 0.01% ಎಂದಿಟ್ಟುಕೊಳ್ಳಿ. ಅದರ ಪಾಲು 10 ಲಕ್ಷದಿಂದ 1 ಲಕ್ಷಕ್ಕೆ ಇಳಿದು, ಒಟ್ಟು 4 ಲಕ್ಷದ ಆಸುಪಾಸಿಗೆ ಬರುತ್ತದೆ. ಹಣ ಹಾಕಬೇಕು ಎಂಬ ಉತ್ತರ ಬೇಡ ಎಂದಾಯಿತು. ಸಾವಿರಕ್ಕೆ ಒಂದು ಮತ್ತು ಹತ್ತು ಸಾವಿರಕ್ಕೆ ಒಂದು, ಇವೆರಡರ ವ್ಯತ್ಯಾಸ ಮನಸ್ಸಿನ ಅಂದಾಜಿಗೆ ಸಿಗುವಂಥದ್ದಲ್ಲ. ಎರಡೂ 'ತೀರಾ ಅಪರೂಪ' ಎಂದಷ್ಟೇ ಅನಿಸುತ್ತದೆ. ಎಣಿಸಿ ತಿಳಿಯಬೇಕೆಂದರೆ, ಇದೇ ಬಗೆಯ 3000 ಕಂಪನಿಗಳನ್ನು ನೋಡಿ ಅವುಗಳಲ್ಲಿ ಒಂದೂ ಆ ಮಟ್ಟ ಮುಟ್ಟದಿದ್ದರೆ ಮಾತ್ರ, ನಿಜವಾದ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು 95% ಭರವಸೆಯಿಂದ ಹೇಳಬಹುದು. ಕಾಫಿ ಮೇಜಿನ ಮೇಲೆ ಅಷ್ಟು ಲೆಕ್ಕ ಯಾರೂ ತಂದಿರುವುದಿಲ್ಲ.

ಹಾಗೆಂದು ಕೈಚೆಲ್ಲಬೇಕಿಲ್ಲ. ಹೊರಗಿನಿಂದ ಒಂದು ಮಿತಿ ಹಾಕುವ ದಾರಿ ಇದೆ, ಅದಕ್ಕೆ ಮಾರ್ಕೋವ್ ಅಸಮಾನತೆ ಎಂದು ಹೆಸರು. ಫಲ ಸೊನ್ನೆಗಿಂತ ಕೆಳಗಿಳಿಯದಿದ್ದರೆ, ಒಂದು ಮೊತ್ತ ಅಥವಾ ಅದಕ್ಕಿಂತ ಹೆಚ್ಚು ಸಿಗುವ ಸಂಭವನೀಯತೆಯು ಸರಾಸರಿಯನ್ನು ಆ ಮೊತ್ತದಿಂದ ಭಾಗಿಸಿದ್ದಕ್ಕಿಂತ ಹೆಚ್ಚಿರಲಾರದು. ಇಂಥ ಕಂಪನಿಗಳಿಗೆ 5 ಲಕ್ಷ ಹಾಕಿದವರಿಗೆ ಸರಾಸರಿ 10 ಲಕ್ಷ ಬರುತ್ತದೆ ಎಂದು ಧಾರಾಳವಾಗಿಯೇ ಒಪ್ಪೋಣ. ಆಗ 100 ಕೋಟಿ ಸಿಗುವ ಸಾಧ್ಯತೆ ಹೆಚ್ಚೆಂದರೆ ಸಾವಿರಕ್ಕೆ ಒಂದು. ಅದೂ ಉಳಿದ 999 ಸಲವೂ ಒಂದು ರೂಪಾಯಿ ಬರದಿದ್ದರೆ ಮಾತ್ರ. ನಮ್ಮ ಪಟ್ಟಿಯಲ್ಲಿ ಮಧ್ಯದ ಸಾಲುಗಳಿಂದಲೂ ಸುಮಾರು 3 ಲಕ್ಷ ಬರುತ್ತಿರುವುದರಿಂದ, ಸಾವಿರಕ್ಕೆ ಒಂದು ಎಂಬುದು ಆಗಲೇ ಮಿತಿ ದಾಟಿದೆ.

ಇದೇ ಸೂತ್ರವನ್ನು ತಿರುಗಿಸಿ ಹಿಡಿದರೆ ಇನ್ನೂ ಉಪಯೋಗ. ಎದುರಿಗಿರುವವರು ಸಾವಿರಕ್ಕೆ ಒಂದಲ್ಲ, ನೂರಕ್ಕೆ ಒಂದು ಎಂದರೆ, ಸರಾಸರಿ ಕನಿಷ್ಠ 1 ಕೋಟಿ ಎಂದು ಹೇಳಿದಂತಾಯಿತು. ಹಾಕಿದ್ದರ ಇಪ್ಪತ್ತು ಪಟ್ಟು. ಸರಾಸರಿ ಇಪ್ಪತ್ತು ಪಟ್ಟು ಕೊಡುವ ವ್ಯವಹಾರ ಈ ಊರಿನಲ್ಲಿ ದುಡ್ಡು ಹಿಡಿದು ಕೂತಿರುವವರ ಕಣ್ಣು ತಪ್ಪಿಸಿ ನಿಮ್ಮ ಉಳಿತಾಯ ಖಾತೆಯವರೆಗೆ ಬಂದದ್ದು ಹೇಗೆ ಎಂದು ಕೇಳಬೇಕಾಗುತ್ತದೆ. ಒಂದು ಎಚ್ಚರಿಕೆ: ಸರಾಸರಿಯನ್ನು ನೀವು ಹೊರಗಿನಿಂದ ತರಬೇಕು. ಮಾರುವವರ ಪಟ್ಟಿಯಿಂದಲೇ ತೆಗೆದರೆ ಸೂತ್ರ ಏನನ್ನೂ ತಡೆಯುವುದಿಲ್ಲ.

ಮಿತಿಯ ಇನ್ನೊಂದು ಗುಣವೂ ಇಲ್ಲಿ ಮುಖ್ಯ. ಬಹುಮಾನ 100 ಕೋಟಿಯಿಂದ 1000 ಕೋಟಿಗೆ ಏರಿದರೆ, ಸಾಧ್ಯತೆಯ ಮಿತಿ ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಯುತ್ತದೆ. ಗುಣಿಸಿದರೆ ಮತ್ತೆ ಅದೇ 10 ಲಕ್ಷ. ಅಂದರೆ ಬಹುಮಾನವನ್ನು ಎಷ್ಟು ಹಿಗ್ಗಿಸಿದರೂ ಪ್ರಸ್ತಾಪದ ಬೆಲೆ ಏರಬಾರದು. ಎದುರಿನವರು ಮೊತ್ತವನ್ನು ಎರಡು ಪಟ್ಟು ಮಾಡಿದಾಗ ನಿಮ್ಮ ತಲೆಯಲ್ಲಿರುವ ಸಾಧ್ಯತೆ ಅರ್ಧಕ್ಕಾದರೂ ಇಳಿಯಿತೇ, ಅಥವಾ ಹಾಗೇ ಉಳಿಯಿತೇ? ಹಾಗೇ ಉಳಿದಿದ್ದರೆ ಲೆಕ್ಕ ಅವರ ಕೈಯಲ್ಲಿದೆ.

ಇದನ್ನು ಕೊನೆ ಮುಟ್ಟುವವರೆಗೆ ಎಳೆದದ್ದು ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2009ರಲ್ಲಿ ಬರೆದ ಕತೆ. ಆಯುಧ ಮರೆತು ಬಂದ ದರೋಡೆಕೋರ ಪಾಸ್ಕಲನ ಪರ್ಸು ಕೇಳುತ್ತಾನೆ, ಪ್ರತಿಯಾಗಿ ಪ್ರತಿಫಲದ ಮಾತು ಕೊಡುತ್ತಾನೆ. ಪಾಸ್ಕಲ್ ನಂಬುವುದಿಲ್ಲ ಎಂದಾಗ ದರೋಡೆಕೋರ ಪ್ರತಿಫಲವನ್ನು ಏರಿಸುತ್ತಾನೆ, ಅಷ್ಟೇ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲನ ಹೆಸರೇ ಬಂದದ್ದಕ್ಕೆ ಕಾರಣವಿದೆ: ಅವನ ಮರಣಾನಂತರ 1670ರಲ್ಲಿ ಅಚ್ಚಾದ ಟಿಪ್ಪಣಿಗಳಲ್ಲಿ, ದೇವರಿದ್ದಾನೆಂದು ಪಣ ಕಟ್ಟಿದರೆ ಸಿಗುವ ಲಾಭ ಅನಂತ, ಆದ್ದರಿಂದ ಸಾಧ್ಯತೆ ಎಷ್ಟೇ ಸಣ್ಣದಿದ್ದರೂ ಕಟ್ಟಬೇಕು ಎಂಬ ವಾದವಿದೆ. ಅದೇ ವಾದವನ್ನು ಬೇರೊಂದು ಮತದವರೂ ಹೂಡಬಹುದು. ಆಗ ಎರಡೂ ಕಡೆ ಅನಂತ, ಹೋಲಿಸಲು ಏನೂ ಉಳಿಯುವುದಿಲ್ಲ.

ಕೊಡುವವನ ಜೇಬನ್ನು ಎಣಿಸಿದರೆ ಅನಂತ ಎಷ್ಟು ಬೇಗ ಕುಗ್ಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಗಣಿತಜ್ಞ ನಿಕೊಲಾಸ್ ಬರ್ನೌಲಿ 1713ರಲ್ಲಿ ಎತ್ತಿದ ಸಮಸ್ಯೆಯನ್ನು ಈಗ ಸಾಮಾನ್ಯವಾಗಿ ಹೇಳುವ ರೂಪದಲ್ಲಿ, ತಲೆ ಬೀಳುವವರೆಗೆ ನಾಣ್ಯ ಚಿಮ್ಮುತ್ತಾರೆ. ಮೊದಲ ಸಲವೇ ತಲೆ ಬಿದ್ದರೆ 2 ರೂಪಾಯಿ, ಎರಡನೇ ಸಲ ಬಿದ್ದರೆ 4, ಮೂರನೇ ಸಲಕ್ಕೆ 8, ಹೀಗೆ. ಪ್ರತಿ ಹಂತವೂ ಸರಾಸರಿಗೆ 1 ರೂಪಾಯಿ ಸೇರಿಸುತ್ತದೆ, ಹಂತಗಳಿಗೆ ಕೊನೆಯಿಲ್ಲ, ಆದ್ದರಿಂದ ನಿರೀಕ್ಷಿತ ಮೌಲ್ಯ ಅನಂತ. ಆದರೆ ಆಟ ನಡೆಸುವವನ ಬಳಿ 1 ಕೋಟಿ ಮಾತ್ರ ಇದ್ದರೆ? 23ನೇ ಹಂತದ 83,88,608 ರೂಪಾಯಿಯನ್ನು ಅವನು ಕೊಡಬಲ್ಲ, 24ನೆಯದನ್ನು ಕೊಡಲಾರ. ಅಲ್ಲಿಂದಾಚೆಗೆ ಎಲ್ಲದಕ್ಕೂ ಅದೇ 1 ಕೋಟಿ. ಆಟದ ಬೆಲೆ 24 ರೂಪಾಯಿ ಚಿಲ್ಲರೆ. ಅವನ ಬಳಿ 1 ಲಕ್ಷ ಕೋಟಿ ಇದ್ದರೂ ಸುಮಾರು 41 ರೂಪಾಯಿ. ಒಂದು ಲಕ್ಷ ಪಟ್ಟು ಶ್ರೀಮಂತನಾದರೂ ಆಟಕ್ಕೆ ಹೆಚ್ಚು ಕೊಡಬಹುದಾದದ್ದು ಒಂದು ಮಸಾಲೆ ದೋಸೆಯ ದುಡ್ಡೂ ಅಲ್ಲ.

ಇಷ್ಟು ಕೇಳಿದ ಮೇಲೆ ಹೆಲ್ಮೆಟ್ಟಿನ ಪ್ರಶ್ನೆ ಬರುತ್ತದೆ. ಸಿಲ್ಕ್ ಬೋರ್ಡಿನವರೆಗೆ ಹೋಗಿ ಬರುವ ಒಂದು ಸವಾರಿಯಲ್ಲಿ ತಲೆಗೆ ಪೆಟ್ಟು ಬೀಳುವ ಸಾಧ್ಯತೆಯೂ ತೀರಾ ಚಿಕ್ಕದು, ಪರಿಣಾಮ ದೊಡ್ಡದು. ಹಾಗಾದರೆ ಅದನ್ನೂ ತಳ್ಳಿಹಾಕಬೇಕೇ? ಬೇಡ. ಅಪಘಾತಗಳನ್ನು ಎಣಿಸಿದ್ದಾರೆ, ಆ ಎಣಿಕೆ ಹೆಲ್ಮೆಟ್ ಮಾರುವವನ ಬಾಯಿಂದ ಬಂದದ್ದಲ್ಲ. ಸವಾರಿಯೂ ಒಂದಲ್ಲ, ವರ್ಷಕ್ಕೆ ನೂರಾರು, ಸಣ್ಣ ಸಾಧ್ಯತೆ ಕೂಡುತ್ತಾ ಹೋಗುತ್ತದೆ. ಟರ್ಮ್ ಇನ್ಶೂರೆನ್ಸ್ ಕೂಡ ಹಾಗೆಯೇ. ವರ್ಷದಲ್ಲಿ ಸಾವಿನ ಸಾಧ್ಯತೆ ಸಾವಿರಕ್ಕೆ ಒಂದು, ವಿಮೆ 1 ಕೋಟಿ, ಪ್ರೀಮಿಯಂ 12,000 ಎಂದಿಟ್ಟುಕೊಂಡರೆ ನಿರೀಕ್ಷಿತ ಮೌಲ್ಯ 10,000. ಲೆಕ್ಕದ ಪ್ರಕಾರ 2,000 ನಷ್ಟ. ದುಡಿಯುವವರು ಒಬ್ಬರೇ ಇರುವ ಮನೆಗೆ ಆ ನಷ್ಟ ಕೊಟ್ಟು ಕೊಳ್ಳುವುದೇ ಸರಿ, ಏಕೆಂದರೆ ಕೈಯಲ್ಲಿ ಏನೂ ಇಲ್ಲದಾಗ ಸಿಗುವ ರೂಪಾಯಿಯ ತೂಕ ಬೇರೆ.

ಇನ್ನು ಹೂಡಿಕೆದಾರರ ಮಾತು: "ಒಂದಕ್ಕೆ ಹಾಕಿದ್ರೆ ರಿಸ್ಕು, ಹಲವಕ್ಕೆ ಹಾಕಿದ್ರೆ ಸರಾಸರಿ ಸಿಗುತ್ತೆ." ಸಾಧ್ಯತೆ ಹತ್ತಕ್ಕೆ ಒಂದಿದ್ದರೆ ನಿಜ. ಸಾವಿರಕ್ಕೆ ಒಂದಿದ್ದರೆ, ಪರಸ್ಪರ ಸಂಬಂಧವಿಲ್ಲದ 200 ಕಂಪನಿಗಳಿಗೆ ತಲಾ 5 ಲಕ್ಷದಂತೆ 10 ಕೋಟಿ ಹಾಕಿದವರಿಗೂ ಒಂದಾದರೂ ಗೆಲ್ಲುವ ಸಾಧ್ಯತೆ ಸುಮಾರು 18%.